ಇಳಿಸುವಾಗ ಮಾತ್ರ ಲೋಡ್ ಜಾರುತ್ತಿದೆ: ಹಾಯ್ಸ್ಟ್ ಮೋಟರ್‌ನ ಸ್ಪ್ರಿಂಗ್ ಬ್ರೇಕ್ ಬಗ್ಗೆ ಗೊತ್ತಿರುವವರು ಹೇಳಿ

ಪೀಣ್ಯ_ಶೆಡ್

ಎಲ್ಲರಿಗೂ ನಮಸ್ಕಾರ. ನಮ್ಮದು ಪೀಣ್ಯದಲ್ಲಿ ಸಣ್ಣ ಫ್ಯಾಬ್ರಿಕೇಷನ್ ಶೆಡ್. 3 ಟನ್ನಿನ ವೈರ್ ರೋಪ್ ಹಾಯ್ಸ್ಟ್ ಇದೆ, ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು. ಮೋಟರ್ 3.7 ಕಿಲೋವ್ಯಾಟ್, 1440 ಆರ್‌ಪಿಎಂ, ಹುಕ್ ನಿಮಿಷಕ್ಕೆ 6 ಮೀಟರ್ ಹೋಗುತ್ತದೆ. ಮೋಟರ್ ಹಿಂಭಾಗದಲ್ಲೇ ಡಿಸ್ಕ್ ಬ್ರೇಕ್ ಇದೆ, ಅದರ ಪ್ಲೇಟ್ ಮೇಲೆ 50 ನ್ಯೂಟನ್ ಮೀಟರ್, 190 ವೋಲ್ಟ್ ಡಿಸಿ ಅಂತ ಬರೆದಿದೆ.

ತೊಂದರೆ ಏನೆಂದರೆ, ಫುಲ್ ಲೋಡ್ ಇಳಿಸುತ್ತಾ ಪೆಂಡೆಂಟ್ ಬಟನ್ ಬಿಟ್ಟರೆ ಲೋಡ್ ಅಲ್ಲೇ ನಿಲ್ಲುವುದಿಲ್ಲ. ಎರಡು ಎರಡೂವರೆ ಇಂಚು ಕೆಳಗೆ ಜಾರಿ ಧಡ್ ಅಂತ ನಿಲ್ಲುತ್ತದೆ. ಏರಿಸುವಾಗ ಈ ಕಾಟವೇ ಇಲ್ಲ, ಬೆರಳಿಟ್ಟ ಹಾಗೆ ನಿಲ್ಲುತ್ತದೆ. ನಿಂತ ಮೇಲೆ ರಾತ್ರಿಯಿಡೀ ಬಿಟ್ಟರೂ ಒಂದು ಕೂದಲೆಳೆ ಇಳಿಯುವುದಿಲ್ಲ. ಮೆಕ್ಯಾನಿಕ್ ಬಂದು ಬ್ರೇಕ್ ಟೈಟ್ ಮಾಡಿ ಹೋದರು. ಏನೂ ಬದಲಾಗಲಿಲ್ಲ. ಮೊನ್ನೆ ಪ್ಲೇಟ್ ಇಳಿಸುವಾಗ ಹುಡುಗನ ಕೈ ಸ್ವಲ್ಪದರಲ್ಲಿ ಉಳಿಯಿತು, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಹಳೇ_ವೈಂಡರ್

ಲೈನರ್ ಸವೆದಿದೆ ಅಷ್ಟೇ. ಫೀಲರ್ ಗೇಜ್ ಹಾಕಿ ಗ್ಯಾಪ್ ನೋಡಿ. ಕಾಯಿಲ್ ಬಾಡಿಗೂ ಆರ್ಮೇಚರ್ ಪ್ಲೇಟಿಗೂ ನಡುವೆ 0.3 ಮಿಲಿಮೀಟರ್ ಇರಬೇಕು. ಜಾಸ್ತಿ ಇದ್ದರೆ ಮೂರು ಬೋಲ್ಟ್ ಹಿಡಿದು ಸರಿ ಮಾಡಿ, ಆಮೇಲೆ ಹಿಂದಿನ ರಿಂಗ್ ತಿರುಗಿಸಿ ಸ್ಪ್ರಿಂಗ್ ಟೈಟ್ ಮಾಡಿ. ಇಂಥ ಮೋಟರ್ ಎಷ್ಟು ನೋಡಿಲ್ಲ ನಾನು.

ಡಿಪ್ಲೊಮಾ_ಹುಡುಗ

ಸರ್ ಒಂದು ಡೌಟು. ಬ್ರೇಕ್ ಹಿಡಿಯುವುದಕ್ಕೆ ಕಾಯಿಲ್‌ಗೆ ಕರೆಂಟ್ ಬೇಕಲ್ವಾ? ವೋಲ್ಟೇಜ್ ಕಡಿಮೆ ಬರುತ್ತಿರಬಹುದು, ಅದಕ್ಕೇ ಸರಿಯಾಗಿ ಹಿಡಿಯುತ್ತಿಲ್ಲ. ಒಂದು ಸ್ಟೆಬಿಲೈಸರ್ ಹಾಕಿದರೆ ಹೇಗೆ?

ಸುಮಾ_ಬಳ್ಳಾರಿ

ಹುಡುಗನಿಗೆ ಮೊದಲು. ಇದು ಉಲ್ಟಾ ಕೆಲಸ ಮಾಡುವ ಬ್ರೇಕ್ ಕಣಪ್ಪ. ಹಿಡಿಯುವುದು ಸ್ಪ್ರಿಂಗು, ಬಿಡಿಸುವುದು ಕರೆಂಟು. ಕಾಯಿಲ್‌ಗೆ ಡಿಸಿ ಬಂದಾಗ ಅದು ಪ್ಲೇಟನ್ನು ಸ್ಪ್ರಿಂಗ್ ವಿರುದ್ಧ ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ನಡುವೆ ಸಿಕ್ಕಿದ್ದ ಡಿಸ್ಕ್ ಸಡಿಲವಾಗಿ ಶಾಫ್ಟ್ ತಿರುಗುತ್ತದೆ. ಕರೆಂಟ್ ಹೋದರೆ ಸ್ಪ್ರಿಂಗ್ ಪ್ಲೇಟನ್ನು ತಳ್ಳಿ ಡಿಸ್ಕನ್ನು ಒತ್ತಿ ಹಿಡಿಯುತ್ತದೆ. 3 ಟನ್ ನೇತಾಡುತ್ತಿರುವಾಗ ಬೆಸ್ಕಾಂನವರು ಲೈನ್ ತೆಗೆದರೂ ಲೋಡ್ ಬೀಳಬಾರದು, ಅದಕ್ಕೇ ಹೀಗೆ ಕಟ್ಟಿರುವುದು. ವೋಲ್ಟೇಜ್ ಕಡಿಮೆಯಾದರೆ ಬ್ರೇಕ್ ಹಿಡಿಯದೇ ಇರುವುದಲ್ಲ, ಪೂರ್ತಿ ಬಿಡದೇ ಇರುತ್ತದೆ. ಅದು ಬೇರೆ ರಗಳೆ.

ಇನ್ನು ಪೀಣ್ಯದವರಿಗೆ. ರಾತ್ರಿಯಿಡೀ ಹಿಡಿದು ನಿಂತಿದೆ ಅಂತ ನೀವೇ ಬರೆದಿದ್ದೀರಿ. ಅಂದ ಮೇಲೆ ಲೈನರ್, ಸ್ಪ್ರಿಂಗ್ ಎರಡರ ಮೇಲೂ ನನಗೆ ಅನುಮಾನ ಕಡಿಮೆ. ನನಗೆ ಬೇಕಾದ ಮಾಹಿತಿ ಒಂದೇ. ಬ್ರೇಕಿಗೆ ಎಸಿಯನ್ನು ಡಿಸಿ ಮಾಡಿ ಕೊಡುವ ರೆಕ್ಟಿಫೈಯರ್‌ಗೆ ಎರಡು ವೈರ್ ಎಲ್ಲಿಂದ ಬಂದಿವೆ? ಪ್ಯಾನೆಲ್‌ನಿಂದಲೋ, ಮೋಟರ್ ಟರ್ಮಿನಲ್ ಬಾಕ್ಸ್ ಒಳಗಿಂದಲೋ? ನೋಡುವ ಮುಂಚೆ ಹುಕ್ ಖಾಲಿ ಮಾಡಿ, ಮೇನ್ ಆಫ್ ಮಾಡಿ ಬೀಗ ಹಾಕಿ.

ಪೀಣ್ಯ_ಶೆಡ್

ತೆರೆದು ನೋಡಿದೆ ಮೇಡಂ. ರೆಕ್ಟಿಫೈಯರ್ ಮೋಟರ್ ಟರ್ಮಿನಲ್ ಬಾಕ್ಸ್ ಒಳಗೇ ಇದೆ. ಮೋಟರ್‌ನ ಎರಡು ಫೇಸ್ ಟರ್ಮಿನಲ್‌ಗೇ ನೇರವಾಗಿ ಸಿಕ್ಕಿಸಿದ್ದಾರೆ. ಪ್ಯಾನೆಲ್‌ನಿಂದ ಬ್ರೇಕಿಗೆ ಅಂತ ಬೇರೆ ವೈರೇ ಇಲ್ಲ.

ವೈಂಡರ್ ಅಣ್ಣ, ನೀವು ಹೇಳಿದ್ದೂ ನೋಡಿದೆ. ಗ್ಯಾಪ್ ಮೂರು ಕಡೆಯೂ 0.35 ಒಳಗೆ ಇದೆ. ಮೆಕ್ಯಾನಿಕ್ ಸರಿಯಾಗಿಯೇ ಇಟ್ಟು ಹೋಗಿದ್ದಾರೆ.

ಸುಮಾ_ಬಳ್ಳಾರಿ

ಹಾಗಾದರೆ ಕಳ್ಳ ಸಿಕ್ಕ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಬಟನ್ ಬಿಟ್ಟಾಗ ಕಾಂಟ್ಯಾಕ್ಟರ್ ಬಿಡುತ್ತದೆ, ಲೈನ್ ಕಟ್ ಆಗುತ್ತದೆ. ಆದರೆ ಆ ಕ್ಷಣದಲ್ಲಿ ಮೋಟರ್ ತಿರುಗುತ್ತಲೇ ಇರುತ್ತದೆ, ರೋಟರ್‌ನಲ್ಲಿ ಇನ್ನೂ ಕಾಂತತ್ವ ಉಳಿದಿರುತ್ತದೆ. ಇಳಿಸುವಾಗ ಲೋಡೇ ಮೋಟರನ್ನು ಎಳೆದು ತಿರುಗಿಸುತ್ತದೆ. ಹೀಗಾಗಿ ಮೋಟರ್ ಒಂದಷ್ಟು ಹೊತ್ತು ಜನರೇಟರ್ ಆಗಿ ಅದೇ ಟರ್ಮಿನಲ್‌ಗಳಲ್ಲಿ ವೋಲ್ಟೇಜ್ ಹುಟ್ಟಿಸುತ್ತದೆ. ನಿಮ್ಮ ಬ್ರೇಕ್ ಊಟ ಮಾಡುತ್ತಿರುವುದು ಅದೇ ಟರ್ಮಿನಲ್‌ನಲ್ಲಿ. ಲೈನ್ ಹೋಗಿದೆ ಅಂತ ಅದಕ್ಕೆ ಗೊತ್ತೇ ಆಗುವುದಿಲ್ಲ.

ಇದು ಸಾಲದು ಅಂತ ಇನ್ನೊಂದಿದೆ. ಕಾಯಿಲ್‌ನಲ್ಲಿ ಹರಿಯುತ್ತಿರುವ ಕರೆಂಟ್ ಎಸಿ ಕಡೆ ಕಟ್ ಮಾಡಿದ ತಕ್ಷಣ ಸಾಯುವುದಿಲ್ಲ. ರೆಕ್ಟಿಫೈಯರ್ ಒಳಗಿನ ಡಯೋಡ್ ಮೂಲಕ ಸುತ್ತು ಹೊಡೆಯುತ್ತಾ ನಿಧಾನವಾಗಿ ಇಳಿಯುತ್ತದೆ. ಅದು ಸಾಕಷ್ಟು ಇಳಿಯುವವರೆಗೆ ಸ್ಪ್ರಿಂಗ್ ಗೆಲ್ಲುವುದಿಲ್ಲ.

ಈಗ ಲೆಕ್ಕ ಹಾಕೋಣ. 3 ಟನ್ ಇಳಿಯುವಾಗ ಮೋಟರ್ ಶಾಫ್ಟಿನ ಮೇಲೆ ಬೀಳುವ ಟಾರ್ಕ್, ಗೇರ್ ನಷ್ಟ ಕಳೆದು, ಸುಮಾರು 17 ನ್ಯೂಟನ್ ಮೀಟರ್. ಈ ಸೈಜಿನ ಮೋಟರ್ ರೋಟರ್ ಹಗುರ, ಜಡತ್ವ 0.015 ಕೆಜಿ ಮೀಟರ್ ಸ್ಕ್ವೇರ್ ಆಸುಪಾಸು ಅಂತ ಇಟ್ಟುಕೊಳ್ಳಿ. ಬ್ರೇಕ್ ಬೀಳುವುದು 0.2 ಸೆಕೆಂಡ್ ತಡವಾಯಿತು ಅನ್ನಿ. ಅಷ್ಟರಲ್ಲಿ 1440ರಲ್ಲಿ ಇದ್ದ ಮೋಟರ್ 3400 ಆರ್‌ಪಿಎಂ ಹತ್ತಿರ ಹೋಗಿರುತ್ತದೆ! ಹಿಡಿಯುವವರಿಲ್ಲದೆ ಲೋಡ್ ಓಡುತ್ತಿರುತ್ತದೆ. ಆ ಹೊತ್ತಿನಲ್ಲಿ ಹುಕ್ ಮೂರೂ ಚಿಲ್ಲರೆ ಸೆಂಟಿಮೀಟರ್ ಇಳಿದಿರುತ್ತದೆ. ಆಮೇಲೆ ಬ್ರೇಕ್ ಹಿಡಿದು ನಿಲ್ಲಿಸುವುದಕ್ಕೆ ಇನ್ನೆರಡು. ಒಟ್ಟು ಐದೂವರೆ ಸೆಂಟಿಮೀಟರ್, ಅಂದರೆ ನಿಮ್ಮ ಎರಡು ಇಂಚು.

ತಡ 0.05 ಸೆಕೆಂಡಿಗೆ ಇಳಿದರೆ ಮೋಟರ್ 1900ರ ಆಸುಪಾಸಿನಲ್ಲಿ ಸಿಕ್ಕಿಬೀಳುತ್ತದೆ. ಹುಕ್ ಇಳಿಯುವುದು ಒಟ್ಟು ಒಂದೂಕಾಲು ಸೆಂಟಿಮೀಟರ್. ಲೈನರ್ ನುಂಗಬೇಕಾದ ಶಾಖವೂ ಮೂರನೇ ಒಂದು ಭಾಗಕ್ಕೆ ಬರುತ್ತದೆ. ಈಗ ಪ್ರತಿ ಸಲ ನಿಲ್ಲಿಸುವಾಗಲೂ ನೀವು ಲೈನರನ್ನು ಮೂರು ಪಟ್ಟು ಸುಡುತ್ತಿದ್ದೀರಿ.

ಏರಿಸುವಾಗ ಯಾಕೆ ಕಾಣುವುದಿಲ್ಲ ಅಂದರೆ, ಅಲ್ಲಿ ಲೋಡಿನ ತೂಕವೇ ಬ್ರೇಕ್. ಕರೆಂಟ್ ಹೋದ 0.1 ಸೆಕೆಂಡಿನಲ್ಲಿ ಅದೇ ನಿಂತುಬಿಡುತ್ತದೆ. ಕೆಳಗೆ ಹೊರಡುವಷ್ಟರಲ್ಲಿ ಬ್ರೇಕ್ ಬಂದು ಹಿಡಿದಿರುತ್ತದೆ. ತಡ ಎರಡೂ ಕಡೆ ಇದೆ, ಒಂದು ಕಡೆ ಮುಚ್ಚಿಹೋಗಿದೆ.

ಹಳೇ_ವೈಂಡರ್

ಲೆಕ್ಕ ಎಲ್ಲಾ ಸರಿ ಮೇಡಂ, ಆದರೆ ಸ್ಪ್ರಿಂಗ್ ಟೈಟ್ ಮಾಡಿದರೆ ಬೇಗ ನಿಲ್ಲುತ್ತದೆ ಅನ್ನುವುದು ಸುಳ್ಳಾಗುತ್ತಾ? 50 ಇರುವುದನ್ನು 60 ಮಾಡಲಿ.

ಸುಮಾ_ಬಳ್ಳಾರಿ

ಸುಳ್ಳಲ್ಲ ಅಣ್ಣ, ಆದರೆ ಎಷ್ಟು ಅಂತ ನೋಡಿ. 60 ಮಾಡಿದರೆ ಐದೂವರೆ ಸೆಂಟಿಮೀಟರ್ ಐದಕ್ಕೆ ಬರುತ್ತದೆ, ಅಷ್ಟೇ. ಬ್ರೇಕ್ ಬೀಳುವ ಮುಂಚಿನ ಮೂರು ಸೆಂಟಿಮೀಟರಿಗೆ ಸ್ಪ್ರಿಂಗ್ ಏನು ಮಾಡುವುದಕ್ಕಾಗುತ್ತದೆ? ಮೇಲಾಗಿ ಕಾಯಿಲ್ ಅದೇ ಹಳೆಯದು. ಸ್ಪ್ರಿಂಗ್ ಬಿಗಿ ಮಾಡಿದಷ್ಟೂ ಅದು ಎಳೆಯುವುದಕ್ಕೆ ತಿಣುಕುತ್ತದೆ. ಸಂಜೆ ವೋಲ್ಟೇಜ್ 380ಕ್ಕೆ ಇಳಿದ ದಿನ, ಕಾಯಿಲ್ ಬಿಸಿಯಾಗಿದ್ದಾಗ, ಪ್ಲೇಟ್ ಅರ್ಧ ಎದ್ದು ಡಿಸ್ಕ್ ಉಜ್ಜಿಕೊಂಡೇ ತಿರುಗುತ್ತದೆ. ಗ್ಯಾಪ್ ದೊಡ್ಡದಾದಂತೆ ಎಳೆತ ಬಹಳ ಬೇಗ ಬಿದ್ದುಹೋಗುತ್ತದೆ, ಎರಡರಷ್ಟು ಗ್ಯಾಪ್ ಆದರೆ ಹೆಚ್ಚುಕಮ್ಮಿ ಕಾಲುಭಾಗಕ್ಕೆ. ಉಜ್ಜಿದರೆ ಸವೆತ, ಸವೆದರೆ ಗ್ಯಾಪ್, ಗ್ಯಾಪ್ ಆದರೆ ಇನ್ನೂ ಉಜ್ಜಾಟ. ಈ ಬ್ರೇಕ್‌ಗಳು ಸಾಯುವುದು ಹೆಚ್ಚಾಗಿ ಹೀಗೇ.

ಏಳನೇ_ಮಹಡಿ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಸೆಕ್ರೆಟರಿ, ಇಂಜಿನಿಯರ್ ಅಲ್ಲ, ಬ್ಯಾಂಕಿನಲ್ಲಿದ್ದವಳು. ಉಜ್ಜುತ್ತದೆ ಅಂದಿರಲ್ಲ, ನಮ್ಮ ಲಿಫ್ಟಿನ ಮೆಷಿನ್ ರೂಮಿನಲ್ಲಿ ಕೆಲವು ವಾರದಿಂದ ಸುಟ್ಟ ವಾಸನೆ. ಓಡುವಾಗ ಸರ್ ಸರ್ ಅಂತ ಸದ್ದು. ಸರ್ವೀಸ್‌ನವರು ಏನಿಲ್ಲ ಮೇಡಂ, ಹೊಸ ಲೈನರ್ ಕೂತುಕೊಳ್ಳುತ್ತಿದೆ ಅಂತಾರೆ. ಹಾಗೇನಾದರೂ ಬ್ರೇಕ್ ಕೈಕೊಟ್ಟರೆ ಲಿಫ್ಟ್ ಬಿದ್ದೇ ಹೋಗುತ್ತದಾ? ನಮ್ಮ ಮಾವನವರು ದಿನಕ್ಕೆ ನಾಲ್ಕು ಸಲ ಓಡಾಡುತ್ತಾರೆ.

ಡಿಪ್ಲೊಮಾ_ಹುಡುಗ

ಆಂಟಿ ಭಯ ಬೇಡ, ಲಿಫ್ಟಿಗೆ ಗವರ್ನರ್, ಸೇಫ್ಟಿ ಗೇರ್ ಎಲ್ಲಾ ಇರುತ್ತದೆ. ಸ್ಪೀಡ್ ಜಾಸ್ತಿ ಆದರೆ ರೈಲನ್ನು ಕಚ್ಚಿ ನಿಲ್ಲಿಸುತ್ತದೆ. ನಮಗೆ ಪಾಠದಲ್ಲಿದೆ.

ಲಿಫ್ಟ್_ಗಿರಿ

ಪಾಠ ಸರಿ, ಆದರೆ ಈ ಪ್ರಶ್ನೆಗೆ ಅದು ಅರ್ಧ ಉತ್ತರ. ನಾನು ಲಿಫ್ಟ್ ಲೈನಿನಲ್ಲೇ ಇರುವವನು.

ಬ್ರೇಕ್ ಸೋತರೆ ಲಿಫ್ಟ್ ಹೆಚ್ಚಿನ ಸಲ ಬೀಳುವುದಿಲ್ಲ ಮೇಡಂ, ಏರುತ್ತದೆ. ಕೌಂಟರ್‌ವೇಟನ್ನು ಕಾರಿನ ತೂಕದ ಜೊತೆ ಅರ್ಧ ಲೋಡ್ ಸೇರಿಸಿ ಇಟ್ಟಿರುತ್ತಾರೆ. 8 ಜನರ ಲಿಫ್ಟ್ ಅಂದರೆ ನಮ್ಮಲ್ಲಿ 544 ಕೆಜಿ ಲೆಕ್ಕ, ಅರ್ಧ 272. ಒಬ್ಬರೇ ಒಳಗಿದ್ದರೆ ಆ ಕಡೆ ಇನ್ನೂರು ಕೆಜಿಗೂ ಜಾಸ್ತಿ ಭಾರ. ಬ್ರೇಕ್ ಹಿಡಿಯಲಿಲ್ಲ ಅಂದರೆ ಕಾರು ಮೇಲಕ್ಕೆ ಹೊರಡುತ್ತದೆ, ಬಾಗಿಲು ತೆರೆದಿದ್ದರೂ ಸರಿ. ಹಳೇ ಲಿಫ್ಟುಗಳಲ್ಲಿ ಸೇಫ್ಟಿ ಗೇರ್ ಕೆಳಮುಖಕ್ಕೆ ಮಾತ್ರ ಕಚ್ಚುತ್ತದೆ. ಅದೂ ಗವರ್ನರ್ ವೇಗ ದಾಟಿದ ಮೇಲೆ. ಬಾಗಿಲಲ್ಲಿ ಕಾಲಿಟ್ಟವರಿಗೆ ಅಷ್ಟು ವೇಗ ಬರುವವರೆಗೆ ಕಾಯುವ ಪುರುಸೊತ್ತಿರುವುದಿಲ್ಲ.

2006ರ ಜೂನ್ 3ರಂದು ಟೋಕಿಯೊದ ಮಿನಾಟೊ ವಾರ್ಡಿನಲ್ಲಿ ಇದೇ ಆಯಿತು. 12ನೇ ಮಹಡಿಯಲ್ಲಿ 16 ವರ್ಷದ ಹುಡುಗ ಸೈಕಲ್ ಹಿಡಿದುಕೊಂಡು ಹಿಮ್ಮುಖವಾಗಿ ಇಳಿಯುತ್ತಿದ್ದ, ಬಾಗಿಲು ತೆರೆದಂತೆಯೇ ಕಾರು ಮೇಲಕ್ಕೆ ಹೋಯಿತು. ಹುಡುಗ ಉಳಿಯಲಿಲ್ಲ. ತನಿಖೆಯಲ್ಲಿ ಕಂಡದ್ದು ಸುಮಾ ಅವರು ಈಗ ಬರೆದ ಸರಣಿಯೇ. ಬ್ರೇಕ್ ಕಾಯಿಲ್‌ನ ಕೆಲವು ಸುತ್ತುಗಳು ಒಳಗೇ ಶಾರ್ಟ್ ಆಗಿ ಎಳೆತ ಕಡಿಮೆಯಾಗಿತ್ತು. ಬ್ರೇಕ್ ಪೂರ್ತಿ ಬಿಡದೆ ಉಜ್ಜಿಕೊಂಡೇ ಓಡುತ್ತಿತ್ತು. ಲೈನರ್ ಸವೆದು ಸವೆದು ಒಂದು ದಿನ ಹಿಡಿಯುವುದಕ್ಕೆ ಏನೂ ಉಳಿದಿರಲಿಲ್ಲ. ಸ್ಪ್ರಿಂಗ್ ಚೆನ್ನಾಗಿಯೇ ಇದ್ದರೂ ಒತ್ತುವುದಕ್ಕೆ ಲೈನರ್ ಬೇಕಲ್ಲ. ಅದಾದ ಮೇಲೆ ಜಪಾನ್‌ನಲ್ಲಿ 2009ರಿಂದ ಹೊಸ ಲಿಫ್ಟುಗಳಿಗೆ, ಬಾಗಿಲು ತೆರೆದಿರುವಾಗ ಕಾರು ಹೊರಟರೆ ನಿಲ್ಲಿಸುವ ಬೇರೆ ವ್ಯವಸ್ಥೆ ಕಡ್ಡಾಯ ಮಾಡಿದರು.

ನಿಮ್ಮ ಲಿಫ್ಟ್ ಹಾಗೇ ಅಂತ ಹೇಳುತ್ತಿಲ್ಲ. ಹೊಸ ಲೈನರ್ ಮೊದಲ ದಿನಗಳಲ್ಲಿ ವಾಸನೆ ಬರಿಸುವುದುಂಟು. ಆದರೆ ಕೆಲವು ವಾರ ಅಂದಿರಿ, ಓಡುವಾಗ ಸದ್ದು ಅಂದಿರಿ. ಲಿಫ್ಟ್ ಬ್ರೇಕ್ ಓಡುವಾಗ ಮುಟ್ಟಲೇಬಾರದು. ಈಗಿನ ಲಿಫ್ಟಿನಲ್ಲಿ ಡ್ರೈವ್ ಕಾರನ್ನು ಸೊನ್ನೆಗೆ ತಂದ ಮೇಲೆ ಬ್ರೇಕ್ ಬೀಳುತ್ತದೆ, ಹಿಡಿದು ನಿಲ್ಲುವುದಷ್ಟೇ ಅದರ ಕೆಲಸ. ಹಾಗಿದ್ದೂ ಲೈನರ್ ಪುಡಿ ಉದುರುತ್ತಿದ್ದರೆ ಎಲ್ಲೋ ಉಜ್ಜುತ್ತಿದೆ ಅಂತಲೇ ಅರ್ಥ. ಸರ್ವೀಸ್‌ನವರಿಗೆ ಎರಡು ಕೇಳಿ. ಒಂದು, ಬ್ರೇಕ್ ಕೆಳಗೆ ಪುಡಿ ಇದೆಯಾ ತೋರಿಸಿ. ಎರಡು, ಲಿಫ್ಟ್ ಓಡುವಾಗ ಕಾಯಿಲ್ ವೋಲ್ಟೇಜ್ ಅಳೆದು, ಆಫ್ ಮಾಡಿ ಓಮ್ಸ್ ನೋಡಿ ಬರೆದುಕೊಡಿ. ನೀವು ಮಾತ್ರ ಮೆಷಿನ್ ರೂಮಿನಲ್ಲಿ ಏನೂ ಮುಟ್ಟಬೇಡಿ. ಅಲ್ಲಿರುವ ಬ್ರೇಕ್ ಬಿಡಿಸುವ ಲಿವರನ್ನಂತೂ ಮುಟ್ಟಲೇಬೇಡಿ.

ಏಳನೇ_ಮಹಡಿ

ಓದಿ ಕೈಕಾಲು ತಣ್ಣಗಾಯಿತು. ನಾಳೆಯೇ ಕೇಳುತ್ತೇನೆ. ಒಂದು ಬ್ರೇಕ್ ಸೋತರೆ ಇನ್ನೊಂದು ಇರುವುದಿಲ್ವಾ?

ಲಿಫ್ಟ್_ಗಿರಿ

ಇರಬೇಕು. ಯುರೋಪಿನ ಲಿಫ್ಟ್ ಸ್ಟ್ಯಾಂಡರ್ಡ್ ಇಎನ್ 81-20 ಪ್ರಕಾರ ಕಾರಿನಲ್ಲಿ 125 ಶೇಕಡಾ ಲೋಡ್ ಇದ್ದು ಪೂರ್ತಿ ವೇಗದಲ್ಲಿ ಇಳಿಯುತ್ತಿದ್ದರೂ ಬ್ರೇಕ್ ಒಂದೇ ನಿಲ್ಲಿಸಬೇಕು. ಅದರ ಒತ್ತುವ ಭಾಗಗಳು ಎರಡು ಸೆಟ್ ಆಗಿರಬೇಕು, ಒಂದು ಕೆಲಸ ಮಾಡದಿದ್ದರೂ ಫುಲ್ ಲೋಡ್ ಇರುವ ಕಾರಿನ ವೇಗ ಇನ್ನೊಂದು ತಗ್ಗಿಸಬೇಕು. ಈಗ ಬರುವ ಗೇರ್‌ಲೆಸ್ ಮೆಷಿನ್‌ನಲ್ಲಿ ಎರಡು ಕಾಯಿಲ್, ಎರಡು ಪ್ಲೇಟ್ ಕಣ್ಣಿಗೇ ಕಾಣುತ್ತದೆ. ಹಳೇ ಗೇರ್ ಮೆಷಿನ್‌ಗಳಲ್ಲಿ ಎರಡು ಶೂ ಇದ್ದರೂ ಎಳೆಯುವ ಕಾಯಿಲ್, ಅದರ ಕಡ್ಡಿ ಒಂದೇ ಇರುವುದನ್ನು ನೋಡಿದ್ದೇನೆ. ಅಂಥಲ್ಲಿ ಎರಡು ಅಂತ ಎಣಿಸಿ ಸಮಾಧಾನ ಮಾಡಿಕೊಳ್ಳಬೇಡಿ. ನಿಮ್ಮದು ಯಾವ ಕಾಲದ್ದು?

ಏಳನೇ_ಮಹಡಿ

2004ರದ್ದು. ಫೋಟೋ ಹಾಕುತ್ತೇನೆ ಗಿರಿ ಅವರೇ, ಬೇರೆ ಎಳೆ ಶುರು ಮಾಡಿ ಹಾಕುತ್ತೇನೆ, ಇಲ್ಲಿ ಪೀಣ್ಯದವರ ವಿಷಯ ನಡೆಯಲಿ.

ಡ್ರೈವ್_ಶೆಟ್ಟಿ

ಪೀಣ್ಯದವರೇ, ಇಷ್ಟೆಲ್ಲಾ ಯಾಕೆ ತಲೆಬಿಸಿ? ಮೋಟರ್ ವೇಗ ಹಿಡಿತದಲ್ಲಿಡುವ ಒಂದು ವಿಎಫ್‌ಡಿ ಡ್ರೈವ್ ಹಾಕಿ ಬಿಡಿ. ಡ್ರೈವೇ ಲೋಡನ್ನು ಸೊನ್ನೆಗೆ ತಂದು ನಿಲ್ಲಿಸುತ್ತದೆ, ಬ್ರೇಕ್ ಸುಮ್ನೆ ಹಿಡಿದುಕೊಂಡರೆ ಸಾಕು. ಲೈನರ್ ವರ್ಷಗಟ್ಟಲೆ ಬರುತ್ತದೆ.

ಸುಮಾ_ಬಳ್ಳಾರಿ

ಡ್ರೈವ್ ಒಳ್ಳೆಯದೇ ಶೆಟ್ರೇ. ಆದರೆ ಈಗಿನ ವೈರಿಂಗ್ ಹಾಗೇ ಬಿಟ್ಟು ಡ್ರೈವ್ ಹಾಕಿದರೆ ಇನ್ನೂ ಅನಾಹುತ. ಡ್ರೈವ್ ಔಟ್‌ಪುಟ್ ಕಡಿಮೆ ಹರ್ಟ್ಸ್‌ನಲ್ಲಿ ಕಡಿಮೆ ವೋಲ್ಟೇಜ್ ಕೊಡುತ್ತದೆ, ಅದೇ ಟರ್ಮಿನಲ್‌ನಿಂದ ತಿನ್ನುವ ಬ್ರೇಕ್ ಬಿಡುವುದೇ ಇಲ್ಲ. ಬ್ರೇಕಿಗೆ ಬೇರೆ ಲೈನ್ ಬೇಕೇ ಬೇಕು. ಇಳಿಸುವಾಗ ಬರುವ ಎನರ್ಜಿಗೆ ರೆಸಿಸ್ಟರ್ ಬೇಕು. ಮೋಟರ್‌ನಲ್ಲಿ ಟಾರ್ಕ್ ಕಟ್ಟಿದೆ ಅಂತ ಡ್ರೈವಿಗೆ ಗೊತ್ತಾದ ಮೇಲೆಯೇ ಬ್ರೇಕ್ ಬಿಡುವ ಹಾಗೆ ಸೆಟ್ ಮಾಡಬೇಕು, ಇಲ್ಲದಿದ್ದರೆ ಏರಿಸುವ ಬಟನ್ ಒತ್ತಿದಾಗ ಲೋಡ್ ಮೊದಲು ಕೆಳಗೆ ಕುಸಿದು ಆಮೇಲೆ ಏರುತ್ತದೆ.

ಡ್ರೈವ್_ಶೆಟ್ಟಿ

ಅದೆಲ್ಲಾ ಮಾಡಿಯೇ ಕೊಡುವುದು ನಾವು. ಹಾಯ್ಸ್ಟ್ ಸಾಫ್ಟ್‌ವೇರ್ ಇರುವ ಡ್ರೈವ್‌ನಲ್ಲಿ ಬ್ರೇಕ್ ಸೀಕ್ವೆನ್ಸ್ ತಾನೇ ಬರುತ್ತದೆ. ಇವತ್ತಲ್ಲ ನಾಳೆ ಹಾಕಲೇಬೇಕು ಅನ್ನುವುದು ನನ್ನ ಅಭಿಪ್ರಾಯ.

ಸುಮಾ_ಬಳ್ಳಾರಿ

3 ಟನ್ನಿನ ಸೆಕೆಂಡ್ ಹ್ಯಾಂಡ್ ಹಾಯ್ಸ್ಟಿಗೆ ಮೊದಲು ಎರಡು ವೈರ್ ಎಳೆದು ನೋಡಲಿ, ಆಮೇಲೆ ನಿಮ್ಮ ಡ್ರೈವ್.

ಪೀಣ್ಯದವರೇ, ನಿಮ್ಮ ಎಲೆಕ್ಟ್ರಿಷಿಯನ್‌ಗೆ ಇದನ್ನು ತೋರಿಸಿ. ಲೋಡ್ ನೆಲದ ಮೇಲಿರಲಿ. ರೆಕ್ಟಿಫೈಯರ್‌ನ ಎಸಿ ವೈರ್‌ಗಳನ್ನು ಮೋಟರ್ ಟರ್ಮಿನಲ್‌ನಿಂದ ಬಿಚ್ಚಿ. ಪ್ಯಾನೆಲ್‌ನಲ್ಲಿ ಬ್ರೇಕಿಗೆ ಅಂತಲೇ ಒಂದು ಸಣ್ಣ ಕಾಂಟ್ಯಾಕ್ಟರ್ ಹಾಕಿ. ಅಪ್ ಅಥವಾ ಡೌನ್ ಕಾಂಟ್ಯಾಕ್ಟರ್ ಯಾವುದು ಎಳೆದರೂ ಅದೂ ಎಳೆಯಬೇಕು. ಎರಡೂ ಬಿಟ್ಟರೆ ಬಿಡಬೇಕು. ಅದರ ಎರಡು ಪೋಲ್ ಎಸಿ ಕಡೆಗೆ. ಇನ್ನೊಂದು ಪೋಲನ್ನು ಕಾಯಿಲ್ ಜೊತೆ ಸೀರೀಸ್‌ನಲ್ಲಿ ಡಿಸಿ ಕಡೆಗೆ ಹಾಕಿ. ಬಹಳ ರೆಕ್ಟಿಫೈಯರ್‌ಗಳಲ್ಲಿ ಇದಕ್ಕೇ ಎರಡು ಟರ್ಮಿನಲ್ ಬಿಟ್ಟು ನಡುವೆ ಒಂದು ಲಿಂಕ್ ಹಾಕಿರುತ್ತಾರೆ, ಆ ಲಿಂಕ್ ತೆಗೆದು ಅಲ್ಲಿ ಪೋಲ್ ಸೇರಿಸುವುದು. ಡಿಸಿ ಕಡೆ ಕಟ್ ಆದರೆ ಕಾಯಿಲ್ ಕರೆಂಟಿಗೆ ಸುತ್ತು ಹೊಡೆಯುವ ದಾರಿಯೇ ಇರುವುದಿಲ್ಲ, ತಕ್ಷಣ ಸಾಯುತ್ತದೆ. ಆದರೆ ಕಾಯಿಲ್ ಆಗ ದೊಡ್ಡ ವೋಲ್ಟೇಜ್ ಒದೆಯುತ್ತದೆ, ಅದನ್ನು ನುಂಗುವುದಕ್ಕೆ ವೇರಿಸ್ಟರ್ ಇರಬೇಕು. ಇಲ್ಲದಿದ್ದರೆ ಕಾಯಿಲ್ ಇನ್ಸುಲೇಷನ್ ಚುಚ್ಚಿಕೊಂಡು ಹೋಗುತ್ತದೆ, ಕಾಂಟ್ಯಾಕ್ಟೂ ಕರಗುತ್ತದೆ.

ಒಂದು ಎಚ್ಚರ. ಇರುವ ರೆಕ್ಟಿಫೈಯರ್ ಹಾಫ್ ವೇವ್. 415ಕ್ಕೆ ಅದು 187 ವೋಲ್ಟ್ ಆಸುಪಾಸು ಕೊಡುತ್ತದೆ, ನಿಮ್ಮ 190 ಕಾಯಿಲ್‌ಗೆ ಸರಿ. ಅಂಗಡಿಯವನು ಬ್ರಿಡ್ಜ್ ಕೊಟ್ಟರೆ 370 ದಾಟುತ್ತದೆ, ಕಾಯಿಲ್ ಹೊಗೆ.

ಪೀಣ್ಯ_ಶೆಡ್

ಮಾಡಿಸಿದೆ! ಪ್ಯಾನೆಲ್ ಹುಡುಗ ಮೊದಲು ಎಸಿ ಕಡೆ ಮಾತ್ರ ಬೇರೆ ಲೈನ್ ಕೊಟ್ಟ. ಎರಡೂವರೆ ಇಂಚು ಒಂದೂವರೆಗೆ ಬಂತು. ಆಮೇಲೆ ನೀವು ಹೇಳಿದಂತೆ ಡಿಸಿ ಕಡೆಯೂ ಕಟ್ ಮಾಡಿಸಿದೆ. ಈಗ ಅರ್ಧ ಇಂಚು. ನೆಲದಿಂದ ಅರ್ಧ ಅಡಿ ಮೇಲೆ ಲೋಡ್ ಇಟ್ಟು, ಟೇಪ್ ಹಿಡಿದೇ ನೋಡಿದ್ದು. ನಿಲ್ಲುವ ಸದ್ದೂ ಬದಲಾಗಿದೆ, ಧಡ್ ಅನ್ನುತ್ತಿದ್ದದ್ದು ಟಕ್ ಅನ್ನುತ್ತಿದೆ.

ಆದರೆ ಒಂದು ಉಳಿದಿದೆ. ಬೆಳಗ್ಗೆ ಅರ್ಧ ಇಂಚು, ಮಧ್ಯಾಹ್ನ ಒಂದೇ ಸಮ ಕೆಲಸ ಮಾಡಿದ ಮೇಲೆ ಮುಕ್ಕಾಲು, ಒಂದು ಇಂಚು. ಇದು ಯಾಕೆ?

ಹಳೇ_ವೈಂಡರ್

ಈಗ ನನ್ನ ಸರದಿ. ಲೈನರ್ ಬಿಸಿಯಾದರೆ ಹಿಡಿತ ಕಡಿಮೆಯಾಗುತ್ತದೆ. ಗಂಟೆಗೆ ಎಷ್ಟು ಸಲ ಬಟನ್ ತಟ್ಟುತ್ತಾರೆ ನಿಮ್ಮ ಹುಡುಗರು? ಒಂದಿಂಚು ಇಳಿಸುವುದಕ್ಕೆ ಹತ್ತು ಸಲ ಟಕ್ ಟಕ್ ಅನ್ನಿಸುತ್ತಾರೆ. ಲೈನರ್ ಕಥೆ ಮುಗಿಸುವುದೇ ಅದು.

ಸುಮಾ_ಬಳ್ಳಾರಿ

ಅಣ್ಣ ಹೇಳಿದ್ದು ಆಗಬಹುದು. ನನಗೆ ಗೇರ್ ಆಯಿಲ್ ಸೀಲ್ ಮೇಲೂ ಅನುಮಾನ. ಬಿಸಿಯಾದಾಗ ಎಣ್ಣೆ ತೆಳ್ಳಗಾಗಿ ಶಾಫ್ಟ್ ಹಿಡಿದು ಬರುತ್ತದೆ. ಆದರೆ ನಿಮ್ಮ ಬ್ರೇಕ್ ಮೋಟರ್‌ನ ಹಿಂಭಾಗದಲ್ಲಿದೆ, ಗೇರ್ ಮುಂಭಾಗದಲ್ಲಿ. ಅಷ್ಟು ದೂರ ಎಣ್ಣೆ ಬರಬೇಕಾದರೆ ಮೋಟರ್ ಒಳಗೇ ಹಾದು ಬರಬೇಕು. ಹಿಂದಿನ ಬೇರಿಂಗ್ ಗ್ರೀಸ್ ಕರಗಿ ಬರುವ ಸಾಧ್ಯತೆ ಅದಕ್ಕಿಂತ ಜಾಸ್ತಿ. ಡಿಸ್ಕ್ ತೆಗೆದು ಮುಖ ನೋಡಿ. ಮಂಕಾಗಿ ಬೂದು ಬಣ್ಣ ಇದ್ದರೆ ಒಣಗಿದೆ, ಅಣ್ಣನ ಮಾತು ಸರಿ. ಕಪ್ಪಗೆ ಹೊಳೆಯುತ್ತಿದ್ದರೆ ಒಂದೋ ಸುಟ್ಟು ಗಾಜಿನಂತಾಗಿದೆ, ಇಲ್ಲವೋ ಜಿಡ್ಡು ಕೂತಿದೆ.

ಹಳೇ_ವೈಂಡರ್

ಬೇರಿಂಗ್ ಗ್ರೀಸ್ ಅಷ್ಟು ಬರುವುದಿಲ್ಲ ಮೇಡಂ. ಯಾರಾದರೂ ಗ್ರೀಸ್ ಗನ್ ಹಿಡಿದು ತುಂಬಿದ್ದರೆ ಬೇರೆ ಮಾತು.

ಪೀಣ್ಯ_ಶೆಡ್

ಗ್ರೀಸ್ ತುಂಬುವ ಹುಡುಗ ಒಬ್ಬ ಇದ್ದಾನೆ ಅಣ್ಣ, ಕೇಳುತ್ತೇನೆ. ಭಾನುವಾರ ಶೆಡ್ ರಜೆ, ಅವತ್ತು ಡಿಸ್ಕ್ ಬಿಚ್ಚಿಸುತ್ತೇನೆ. ಅಕಸ್ಮಾತ್ ಜಿಡ್ಡು ಇದ್ದರೆ ಪೆಟ್ರೋಲಿನಲ್ಲಿ ತೊಳೆದು ಒಣಗಿಸಿ ಹಾಕಬಹುದಾ? ಹೊಸ ಡಿಸ್ಕಿಗೆ ಅಂಗಡಿಯವನು ಹದಿನೈದು ದಿನ ಅಂತಿದ್ದಾನೆ.

ಸುಮಾ_ಬಳ್ಳಾರಿ

ಬೇಡ. ಎಣ್ಣೆ ಲೈನರ್ ಒಳಗೆ ಇಳಿದಿರುತ್ತದೆ. ತೊಳೆದರೆ ಮೇಲ್ಮೈ ಮಾತ್ರ ಚೆನ್ನಾಗಿ ಕಾಣುತ್ತದೆ, ನಾಲ್ಕು ಸಲ ಬಿಸಿಯಾದರೆ ಮತ್ತೆ ಹೊರಗೆ ಬರುತ್ತದೆ. ಜಿಡ್ಡು ಕಂಡರೆ ಆ ಹದಿನೈದು ದಿನ ಹಾಯ್ಸ್ಟ್ ಮುಟ್ಟಬೇಡಿ. ತುರ್ತು ಕೆಲಸಕ್ಕೆ ಕೈ ಚೈನ್ ಪುಲ್ಲಿ ಬಾಡಿಗೆಗೆ ತನ್ನಿ. ಡಿಸ್ಕ್ ಆರ್ಡರ್ ಮಾಡುವಾಗ ಹಬ್ ಹಲ್ಲುಗಳನ್ನೂ ನೋಡಿ, ಸವೆದು ಆಡುತ್ತಿದ್ದರೆ ಅದನ್ನೂ ಜೊತೆಗೇ ತರಿಸಿ.

ಹಳೇ_ವೈಂಡರ್

ಇದಕ್ಕೆ ನನ್ನದೂ ಒಪ್ಪಿಗೆ. ಬಿಚ್ಚಿದಾಗ ಡಿಸ್ಕ್ ಫೋಟೋ ಹಾಕಿ, ಬಿಸಿಯೋ ಗ್ರೀಸೋ ನೋಡಿಯೇಬಿಡೋಣ.